ಒಂದೇ ಅಂಕಪಟ್ಟಿಗೆ ಎರಡು ಲೆವೆಲ್: ಸಿಒ ಅಟೈನ್‌ಮೆಂಟ್ ಲೆಕ್ಕದಲ್ಲಿ ಎಷ್ಟು ಮಂದಿಯಿಂದ ಭಾಗಿಸಬೇಕು?

ಪ್ರಶ್ನೆ: ನಾನು ವಿಟಿಯು ಸಂಲಗ್ನ ಕಾಲೇಜೊಂದರಲ್ಲಿ ಡೇಟಾ ಸ್ಟ್ರಕ್ಚರ್ಸ್ ಕಲಿಸುತ್ತೇನೆ. ತರಗತಿಯಲ್ಲಿ 60 ಮಂದಿ ಇದ್ದಾರೆ. ಎರಡನೇ ಐಎ ಟೆಸ್ಟ್‌ನಲ್ಲಿ 10 ಅಂಕದ ಮೂರನೇ ಪ್ರಶ್ನೆ ಸಿಒ3ಕ್ಕೆ, ಅಂದರೆ ಮೂರನೇ ಕೋರ್ಸ್ ಔಟ್‌ಕಮ್‌ಗೆ, ಸೇರಿತ್ತು, ಅದರ ‘ಅಥವಾ’ ಪ್ರಶ್ನೆ ಸಿಒ4ಕ್ಕೆ ಸೇರಿತ್ತು. ನಾಲ್ವರು ಗೈರಾಗಿದ್ದರು. 40 ಮಂದಿ ಮೂರನೇ ಪ್ರಶ್ನೆಯನ್ನು ಬರೆದರು, ಅವರಲ್ಲಿ 33 ಮಂದಿಗೆ 6 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂತು. ನನ್ನ ಶೀಟ್‌ನಲ್ಲಿ ಸಿಒ3 ಲೆವೆಲ್ 1ನ್ನೂ ಮುಟ್ಟಲಿಲ್ಲ. ಸಹೋದ್ಯೋಗಿಯೊಬ್ಬರ ಶೀಟ್‌ನಲ್ಲಿ ಅದೇ ಅಂಕಗಳಿಗೆ ಲೆವೆಲ್ 3 ಬಂತು. ಎಚ್‌ಒಡಿ ಮೇಡಂ ಗುರಿಯನ್ನು ಶೇ. 60ರಿಂದ 50ಕ್ಕೆ ಇಳಿಸಿ ಎನ್ನುತ್ತಾರೆ, ಇನ್ನೊಬ್ಬರು ತರಗತಿಯ ಸರಾಸರಿಯನ್ನೇ ಗುರಿಯಾಗಿಡಿ ಎನ್ನುತ್ತಾರೆ. ವಿಶ್ವವಿದ್ಯಾಲಯದ ಪರೀಕ್ಷೆಯ ಒಟ್ಟು ಅಂಕ ಮಾತ್ರ ಸಿಗುವುದರಿಂದ ಎಲ್ಲ ಸಿಒಗಳಿಗೂ ಅಲ್ಲಿಂದ ಒಂದೇ ಲೆವೆಲ್ ಹಾಕುತ್ತಿದ್ದೇವೆ. ಎನ್‌ಬಿಎ ತಂಡ ಬಂದಾಗ ಇವುಗಳಲ್ಲಿ ಯಾವುದು ನಿಲ್ಲುತ್ತದೆ? ಶೀಟ್ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಶೀಟ್ ಮತ್ತು ನಿಮ್ಮ ಸಹೋದ್ಯೋಗಿಯ ಶೀಟ್, ಇವೆರಡರಲ್ಲಿ ಯಾವುದರಲ್ಲೂ ಕೂಡುವ ಕಳೆಯುವ ತಪ್ಪಿಲ್ಲ. ನೀವು 33ನ್ನು 60ರಿಂದ ಭಾಗಿಸಿದ್ದೀರಿ, ಶೇ. 55 ಬಂದಿದೆ. ಅವರು 33ನ್ನು 40ರಿಂದ ಭಾಗಿಸಿದ್ದಾರೆ, ಶೇ. 82.5 ಬಂದಿದೆ. ಶೇ. 60, 70, 80 ಮಂದಿ ಎಂಬ ಮೂರು ಗಡಿಗಳಿಗೆ ಲೆವೆಲ್ 1, 2, 3 ಎಂದು ನಿಮ್ಮ ವಿಭಾಗ ಇಟ್ಟುಕೊಂಡಿರುವುದರಿಂದ ಒಬ್ಬರಿಗೆ ಸೊನ್ನೆಯೂ ಇನ್ನೊಬ್ಬರಿಗೆ ಮೂರೂ ಬಂದಿವೆ. ನಾನು ಪರಿಶೀಲಿಸಿರುವ ಅಟೈನ್‌ಮೆಂಟ್ ಕಡತಗಳಲ್ಲಿ ಅತಿ ಹೆಚ್ಚು ಗೊಂದಲ ಕಂಡಿರುವುದು ಇಲ್ಲಿಯೇ. ಗುರಿ ಅಂಕ 50 ಇರಬೇಕೋ 60 ಇರಬೇಕೋ ಎಂದು ಸಭೆಗಳಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಎಷ್ಟು ಮಂದಿಯಿಂದ ಭಾಗಿಸಬೇಕು ಎಂಬುದನ್ನು ಮಾತ್ರ ಎಕ್ಸೆಲ್ ಫಾರ್ಮುಲಾ ಬರೆದವರು ಯಾರನ್ನೂ ಕೇಳದೆ ತೀರ್ಮಾನಿಸಿಬಿಟ್ಟಿರುತ್ತಾರೆ. ನಿಮ್ಮಿಬ್ಬರ ಶೀಟ್‌ಗಳ ನಡುವಿನ ವ್ಯತ್ಯಾಸವೂ ಇಷ್ಟೇ:

```
=COUNTIF(F2:F61,">=6")/ROWS(F2:F61)
=COUNTIF(F2:F61,">=6")/COUNT(F2:F61)
```

ಮೊದಲನೆಯದು ನಿಮ್ಮದು. ಅದು ಸಾಲುಗಳನ್ನು ಎಣಿಸುತ್ತದೆ, ಆದ್ದರಿಂದ ಭಾಜಕ ಯಾವಾಗಲೂ 60. ಎರಡನೆಯದರಲ್ಲಿರುವ `COUNT` ಸಂಖ್ಯೆ ಇರುವ ಕೋಶಗಳನ್ನು ಮಾತ್ರ ಎಣಿಸುತ್ತದೆ. ಖಾಲಿ ಬಿಟ್ಟ ಕೋಶವನ್ನಾಗಲಿ, ಗೈರು ಎಂದು ಅಕ್ಷರದಲ್ಲಿ ಬರೆದ ಕೋಶವನ್ನಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂಕ ತುಂಬಿದವರು ಆ ಪ್ರಶ್ನೆ ಬರೆಯದವರಿಗೂ ಗೈರಾದವರಿಗೂ ಸೊನ್ನೆ ಹಾಕಿದ್ದರೆ ಈ ಎರಡನೇ ಫಾರ್ಮುಲಾ ಕೂಡ ಮೊದಲನೆಯದರ ಉತ್ತರವನ್ನೇ ಕೊಡುತ್ತದೆ. ಅಂದರೆ ಡೇಟಾ ಎಂಟ್ರಿ ಮಾಡಿದವರ ರೂಢಿಯ ಮೇಲೆ ನಿಮ್ಮ ಸಿಒ ಲೆವೆಲ್ ನಿಂತಿದೆ. ತಂಡ ಬರುವ ಮೊದಲು ಸರಿಪಡಿಸಬೇಕಾದದ್ದು ಇದನ್ನೇ.

ಖಾಲಿ ಕೋಶಗಳಲ್ಲಿ ಮೂರು ಬಗೆಯಿದೆ, ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಕಡ್ಡಾಯ ಪ್ರಶ್ನೆಯನ್ನು ವಿದ್ಯಾರ್ಥಿ ಬರೆಯದೆ ಬಿಟ್ಟಿದ್ದರೆ ಅದು ಸೊನ್ನೆಯೇ. ಅವನಿಗೆ ಅವಕಾಶವಿತ್ತು, ಉತ್ತರ ಬರಲಿಲ್ಲ. ಅವನನ್ನು ಭಾಜಕದಿಂದ ಹೊರಗಿಟ್ಟರೆ ಗೊತ್ತಿಲ್ಲದವರನ್ನೆಲ್ಲ ಹೊರಗಿಟ್ಟು ಗೊತ್ತಿದ್ದವರ ಶೇಕಡಾವಾರು ತೆಗೆದಂತಾಗುತ್ತದೆ. ‘ಅಥವಾ’ ಪ್ರಶ್ನೆಯನ್ನು ಆಯ್ದುಕೊಂಡದ್ದರಿಂದ ಕೋಶ ಖಾಲಿಯಿದ್ದರೆ ಅದು ಸೊನ್ನೆಯಲ್ಲ. ಆ ವಿದ್ಯಾರ್ಥಿಯನ್ನು ಆ ಸಿಒದಲ್ಲಿ ನೀವು ಅಳೆದೇ ಇಲ್ಲ. ಗೈರಾದವರದು ಮೂರನೇ ಬಗೆ. ಅವರಿಗೆ ಮರುಟೆಸ್ಟ್ ಕೊಟ್ಟಿದ್ದರೆ ಆ ಅಂಕ ಬರಬೇಕು, ಕೊಡದಿದ್ದರೆ ಅವರೂ ಅಳೆಯದೆ ಉಳಿದವರು. ಶೀಟ್‌ನಲ್ಲಿ ಈ ಮೂರಕ್ಕೂ ಒಂದೇ ಖಾಲಿ ಜಾಗ ಇರಬಾರದು. ಬಿಟ್ಟದ್ದಕ್ಕೆ 0, ಆಯ್ಕೆಯಿಂದ ಹೊರಗುಳಿದದ್ದಕ್ಕೆ ಒಂದು ಗುರುತು, ಗೈರಿಗೆ ಇನ್ನೊಂದು ಗುರುತು ಎಂದು ಇಡೀ ವಿಭಾಗ ಒಂದೇ ಪದ್ಧತಿಯನ್ನು ಇಟ್ಟುಕೊಂಡರೆ ಮುಂದಿನ ಲೆಕ್ಕದ ಅರ್ಧ ತೊಡಕು ಕಳೆಯುತ್ತದೆ.

ಈಗ ನಿಮ್ಮ ಮೂರನೇ ಪ್ರಶ್ನೆಗೆ ಬರೋಣ. ಹಾಜರಿದ್ದವರು 56. ಅವರಲ್ಲಿ 16 ಮಂದಿ ಸಿಒ4ರ ಪ್ರಶ್ನೆಯನ್ನು ಆಯ್ದುಕೊಂಡರು. ಆ 16 ಮಂದಿಗೂ ಸಿಒ3ರ ವಿಷಯ ಗೊತ್ತಿರಲಿಲ್ಲ ಎಂದುಕೊಂಡರೆ 56ಕ್ಕೆ 33, ಅಂದರೆ ಶೇ. 58.9, ಲೆವೆಲ್ ಇಲ್ಲ. ಆ 16 ಮಂದಿಗೂ ಚೆನ್ನಾಗಿ ಗೊತ್ತಿತ್ತು, ಇನ್ನೊಂದು ಪ್ರಶ್ನೆ ಸುಲಭ ಕಂಡದ್ದರಿಂದ ಅತ್ತ ಹೋದರು ಎಂದುಕೊಂಡರೆ 56ಕ್ಕೆ 49, ಅಂದರೆ ಶೇ. 87.5, ಲೆವೆಲ್ 3. ನಿಜ ಈ ಎರಡರ ನಡುವೆ ಎಲ್ಲೋ ಇದೆ. ಆ ಒಂದು ಪ್ರಶ್ನೆಯಿಂದ ಸಿಒ3ರ ಲೆವೆಲ್ ಸೊನ್ನೆಯೋ ಮೂರೋ ಎಂದು ಹೇಳಲು ಸಾಧ್ಯವೇ ಇಲ್ಲ, ಯಾವ ಫಾರ್ಮುಲಾ ಹಾಕಿದರೂ ಸಾಧ್ಯವಿಲ್ಲ. ಬರೆದವರಿಂದ ಮಾತ್ರ ಭಾಗಿಸುವುದು ನ್ಯಾಯವೆಂದು ಹಲವರು ನಂಬಿದ್ದಾರೆ. ವಿದ್ಯಾರ್ಥಿಗಳು ಚೀಟಿಯೆತ್ತಿ ಪ್ರಶ್ನೆ ಆರಿಸಿಕೊಂಡಿದ್ದರೆ ಅದು ಸರಿಯಾಗುತ್ತಿತ್ತು. ಆದರೆ ಅವರು ತಮಗೆ ಬರುವುದನ್ನೇ ಆರಿಸಿಕೊಳ್ಳುತ್ತಾರೆ. ಆದ್ದರಿಂದ ಬರೆದ 40 ಮಂದಿ ಇಡೀ ತರಗತಿಯ ಮಾದರಿಯಲ್ಲ, ಆ ವಿಷಯದಲ್ಲಿ ಹೆಚ್ಚು ಧೈರ್ಯವಿದ್ದವರ ಗುಂಪು. ಸಹೋದ್ಯೋಗಿಯವರ ಶೇ. 82.5 ಈ ಗುಂಪಿನ ಬಗ್ಗೆ ನಿಜ, ತರಗತಿಯ ಬಗ್ಗೆ ಅಲ್ಲ.

ಮೂಲ ದೋಷವಿರುವುದು ಪ್ರಶ್ನೆಪತ್ರಿಕೆಯಲ್ಲಿ. ‘ಅಥವಾ’ದ ಎರಡೂ ಬದಿಯ ಪ್ರಶ್ನೆಗಳು ಒಂದೇ ಸಿಒಗೆ, ಸಾಧ್ಯವಾದಷ್ಟೂ ಒಂದೇ ಬ್ಲೂಮ್ಸ್ ಹಂತಕ್ಕೆ ಸೇರಿದ್ದರೆ ಈ ತೊಂದರೆ ಹುಟ್ಟುವುದೇ ಇಲ್ಲ. ಆಗ ಯಾರು ಯಾವುದನ್ನು ಬರೆದರೂ ಅವರ ಅಂಕ ಸಿಒ3ರ ಕಾಲಂಗೇ ಬರುತ್ತದೆ. ಮುಂದಿನ ಸೆಮಿಸ್ಟರ್‌ನಿಂದ ಪ್ರಶ್ನೆಪತ್ರಿಕೆಯ ಪರಿಶೀಲನಾ ಸಮಿತಿ ಈ ಒಂದು ಅಂಶವನ್ನು ನೋಡಿ ಸಹಿ ಹಾಕಲಿ.

ಈ ಸಲದ ಪರೀಕ್ಷೆ ಮುಗಿದುಹೋಗಿದೆ, ಆದರೂ ದಾರಿಯಿದೆ. ನಿಮ್ಮ ಶೀಟ್‌ನ ಇನ್ನೊಂದು ಕಾಲಂನಲ್ಲಿ ಅದೇ ಟೆಸ್ಟ್‌ನ 1(ಸಿ) ಪ್ರಶ್ನೆಯಿದೆ. 5 ಅಂಕ, ಕಡ್ಡಾಯ, ಸಿಒ3. ಪ್ರಶ್ನೆ ಪ್ರಶ್ನೆಗೂ ಬೇರೆ ಬೇರೆ ಶೇಕಡಾವಾರು ತೆಗೆದು ಕೊನೆಗೆ ಅವುಗಳ ಸರಾಸರಿ ಮಾಡುವ ಬದಲು, ಒಬ್ಬೊಬ್ಬ ವಿದ್ಯಾರ್ಥಿಗೂ ಆ ಸಿಒದಲ್ಲಿ ಬಂದ ಒಟ್ಟು ಅಂಕವನ್ನು, ಆ ಸಿಒದಲ್ಲಿ ಆ ವಿದ್ಯಾರ್ಥಿ ಎದುರಿಸಿದ ಪ್ರಶ್ನೆಗಳ ಗರಿಷ್ಠ ಅಂಕದಿಂದ ಭಾಗಿಸಿ. ಮೂರನೇ ಪ್ರಶ್ನೆ ಬರೆದವರಿಗೆ ಗರಿಷ್ಠ 15, ಗುರಿ ಮುಟ್ಟಲು 9 ಬೇಕು. ‘ಅಥವಾ’ ಕಡೆಗೆ ಹೋದವರಿಗೆ ಗರಿಷ್ಠ 5, ಗುರಿ ಮುಟ್ಟಲು 3 ಬೇಕು. ಹೀಗೆ ನಿಮ್ಮ ಶೀಟನ್ನು ಮತ್ತೆ ಲೆಕ್ಕ ಹಾಕಿದರೆ 40ರ ಗುಂಪಿನಲ್ಲಿ 30, 16ರ ಗುಂಪಿನಲ್ಲಿ 9, ಒಟ್ಟು 39 ಮಂದಿ ಗುರಿ ಮುಟ್ಟಿದ್ದಾರೆ. 56ಕ್ಕೆ 39 ಎಂದರೆ ಶೇ. 69.6, ಲೆವೆಲ್ 1. ಗೈರಾದ ನಾಲ್ವರನ್ನೂ ಸೊನ್ನೆಯೆಂದು ಸೇರಿಸಿದರೆ ಶೇ. 65, ಆಗಲೂ ಲೆವೆಲ್ 1. ಗೈರಿನವರನ್ನು ಹೇಗೆ ನೋಡಿದರೂ ಲೆವೆಲ್ ಬದಲಾಗದಿರುವುದರಿಂದ ಆ ವಾದವನ್ನು ಅಲ್ಲಿಗೇ ಬಿಡಬಹುದು. ಇದನ್ನು ಶೀಟ್‌ನ ಕೆಳಗೆ ಒಂದು ಸಾಲಿನಲ್ಲಿ ಬರೆದಿಡಿ. ಪರಿಶೀಲಿಸುವವರು ಕೇಳುವ ಮೊದಲೇ ಉತ್ತರ ಸಿದ್ಧವಿರುತ್ತದೆ.

ಈ ದಾರಿಯಲ್ಲೂ ದೌರ್ಬಲ್ಯವಿದೆ, ಅದನ್ನು ಮುಚ್ಚಿಡಬಾರದು. 16 ಮಂದಿಯ ಸಿಒ3 ತೀರ್ಮಾನ ಕೇವಲ 5 ಅಂಕದ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಇಷ್ಟು ಚಿಕ್ಕ ಪ್ರಶ್ನೆಯಲ್ಲಿ ‘ಗುರಿ ಅಂಕ ಅಥವಾ ಹೆಚ್ಚು’ ಎನ್ನುವುದಕ್ಕೂ ‘ಗುರಿ ಅಂಕಕ್ಕಿಂತ ಹೆಚ್ಚು’ ಎನ್ನುವುದಕ್ಕೂ ದೊಡ್ಡ ಅಂತರವಿದೆ. 5ರ ಶೇ. 60 ಎಂದರೆ 3. ‘3ಕ್ಕಿಂತ ಹೆಚ್ಚು’ ಎಂದು ಷರತ್ತು ಹಾಕಿದರೆ, ಪೂರ್ಣ ಅಂಕಗಳನ್ನೇ ಕೊಡುವ ಕಡೆ, ವಿದ್ಯಾರ್ಥಿಗೆ 4 ಬೇಕಾಗುತ್ತದೆ. ನೀವು ಅರಿಯದೆಯೇ ಗುರಿ ಶೇ. 80ಕ್ಕೆ ಏರಿರುತ್ತದೆ. ನಿಮ್ಮ 39 ಮಂದಿಯಲ್ಲಿ ಸರಿಯಾಗಿ ಗುರಿಯ ಮೇಲೆಯೇ ನಿಂತವರು, ಅಂದರೆ 15ಕ್ಕೆ 9 ಅಥವಾ 5ಕ್ಕೆ 3 ಪಡೆದವರು, 9 ಮಂದಿ. ಅವರನ್ನು ಬಿಟ್ಟರೆ 30 ಉಳಿಯುತ್ತಾರೆ, ಶೇ. 53.6, ಲೆವೆಲ್ ಮಾಯ. ಎನ್‌ಬಿಎಗೆ ಸಲ್ಲಿಸುವ ಸ್ವಮೌಲ್ಯಮಾಪನ ವರದಿಯ ನಮೂನೆಯ ಉದಾಹರಣೆಯಲ್ಲಿ ‘ಹೆಚ್ಚು’ ಎಂಬ ಮಾತೇ ಇದೆ. ಆದರೆ ಆ ಉದಾಹರಣೆಗಳು ಮಾದರಿಗಾಗಿ ಮಾತ್ರ, ಲೆವೆಲ್‌ಗಳನ್ನು ವಿಭಾಗವೇ ಸೂಕ್ತವಾಗಿ ವ್ಯಾಖ್ಯಾನಿಸಬಹುದು ಎಂದೂ ಅಲ್ಲಿಯೇ ಹೇಳಿದೆ. ಆದ್ದರಿಂದ ನಿಮ್ಮ ದಾಖಲೆಯಲ್ಲಿ ‘ಶೇ. 60 ಅಥವಾ ಹೆಚ್ಚು’ ಎಂದು ಸ್ಪಷ್ಟವಾಗಿ ಬರೆಯಿರಿ, ಶೀಟ್‌ನ ಫಾರ್ಮುಲಾದಲ್ಲೂ ಅದೇ ಇರಲಿ. ದಾಖಲೆಯಲ್ಲಿ ಒಂದು, ಫಾರ್ಮುಲಾದಲ್ಲಿ ಇನ್ನೊಂದು ಇದ್ದರೆ ಇಡೀ ಕಡತದ ಮೇಲಿನ ನಂಬಿಕೆ ಕುಸಿಯುತ್ತದೆ.

ಇಲ್ಲಿ ಇನ್ನೊಂದು ಚಿಕ್ಕ ಸಂಗತಿಯಿದೆ, ಇದರಿಂದ ಆಗುವ ಗಲಿಬಿಲಿ ಚಿಕ್ಕದಲ್ಲ. 69.6ನ್ನು ಎಕ್ಸೆಲ್ ಕೋಶದಲ್ಲಿ ದಶಮಾಂಶವಿಲ್ಲದೆ ತೋರಿಸಿದರೆ ಪರದೆಯ ಮೇಲೆ 70% ಎಂದು ಕಾಣುತ್ತದೆ, ಪಕ್ಕದ ಕೋಶದಲ್ಲಿ ಲೆವೆಲ್ 1 ಎಂದಿರುತ್ತದೆ. ನೋಡಿದವರು ಫಾರ್ಮುಲಾ ತಪ್ಪಿದೆ ಎಂದುಕೊಂಡು ಕೈಯಿಂದ 2 ಎಂದು ತಿದ್ದಿಬಿಡುತ್ತಾರೆ. ಫಾರ್ಮುಲಾ ಹೋಲಿಸುವುದು ಒಳಗಿರುವ ನಿಜವಾದ ಬೆಲೆಯನ್ನು, ಪರದೆಯ ಮೇಲೆ ಕಾಣುವುದನ್ನಲ್ಲ. ಒಂದು ದಶಮಾಂಶ ತೋರಿಸಿ, ಲೆವೆಲ್ ಪಕ್ಕದಲ್ಲಿ ಶೇಕಡಾವಾರನ್ನೂ ಮಂದಿಯ ಸಂಖ್ಯೆಯನ್ನೂ ಇಡಿ: 39/56, ಶೇ. 69.6, ಲೆವೆಲ್ 1. ಇನ್ನೊಬ್ಬ ವಿದ್ಯಾರ್ಥಿ ಅರ್ಧ ಅಂಕ ಹೆಚ್ಚು ಪಡೆದು ಗುರಿ ಮುಟ್ಟಿದ್ದರೆ 40/56, ಶೇ. 71.4, ಲೆವೆಲ್ 2 ಆಗುತ್ತಿತ್ತು. ಬರೀ ‘1’ ಎಂಬ ಅಂಕಿಯನ್ನು ನೋಡಿದವರಿಗೆ ನೀವು ಗಡಿಯ ಒಂದು ಹೆಜ್ಜೆ ಈಚೆ ನಿಂತಿದ್ದೀರಿ ಎಂಬುದು ತಿಳಿಯುವುದಿಲ್ಲ. ಹನ್ನೆರಡು ಮಂದಿಯ ಐಚ್ಛಿಕ ವಿಷಯದಲ್ಲಂತೂ ಒಬ್ಬ ವಿದ್ಯಾರ್ಥಿಯೆಂದರೆ ಶೇ. 8.3, ಅಲ್ಲಿ ವರ್ಷದಿಂದ ವರ್ಷಕ್ಕೆ ಲೆವೆಲ್ ಮೇಲೆ ಕೆಳಗೆ ಆಗುವುದನ್ನು ಕಲಿಕೆಯ ಏರಿಳಿತವೆಂದು ಓದಬಾರದು.

ಅಸೈನ್‌ಮೆಂಟ್ ಅಂಕವನ್ನೂ ಸೇರಿಸಿದರೆ 16 ಮಂದಿಯ ಆಧಾರ ಗಟ್ಟಿಯಾಗುವುದಿಲ್ಲವೇ ಎಂದು ನೀವು ಕೇಳಬಹುದು. ನಿಮ್ಮ ಶೀಟ್‌ನಲ್ಲಿ ಸಿಒ3ಕ್ಕೆ 10 ಅಂಕದ ಅಸೈನ್‌ಮೆಂಟ್ ಇದೆ. ಅದರ ಕಾಲಂ ಉದ್ದಕ್ಕೂ 8, 9, 9, 10, 9 ಎಂದೇ ಇದೆ. 1(ಸಿ)ಯಲ್ಲಿ 5ಕ್ಕೆ 2 ಪಡೆದು ‘ಅಥವಾ’ ಕಡೆಗೆ ಹೋದ ಒಬ್ಬ ವಿದ್ಯಾರ್ಥಿಯನ್ನು ತೆಗೆದುಕೊಳ್ಳಿ. ಟೆಸ್ಟ್ ಒಂದರಿಂದಲೇ ನೋಡಿದರೆ ಅವನದು ಶೇ. 40, ಗುರಿ ಮುಟ್ಟಿಲ್ಲ. ಅಸೈನ್‌ಮೆಂಟ್‌ನ 9 ಸೇರಿದರೆ 15ಕ್ಕೆ 11, ಶೇ. 73. ಮರವೊಂದರಿಂದ ನೋಡ್ ಅಳಿಸುವುದು ಹೇಗೆಂದು ಟೆಸ್ಟ್‌ನಲ್ಲಿ ಬರೆಯಲಾಗದವನು ಶೀಟ್‌ನಲ್ಲಿ ಅದನ್ನು ಸಾಧಿಸಿದವನಾಗುತ್ತಾನೆ. ಎಲ್ಲರಿಗೂ ಒಂದೇ ಅಂಕ ಕೊಡುವ ಸಾಧನ ಯಾರನ್ನೂ ಅಳೆಯುವುದಿಲ್ಲ, ಲೆವೆಲನ್ನು ಮೇಲಕ್ಕೆ ತಳ್ಳುತ್ತದೆ ಅಷ್ಟೆ. ಅಸೈನ್‌ಮೆಂಟ್ ಬಿಡಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ, ಅದಕ್ಕೆ ಕಡಿಮೆ ತೂಕ ಕೊಡಿ, ಟೆಸ್ಟ್‌ನ ಅಂಕಕ್ಕೂ ಅಸೈನ್‌ಮೆಂಟ್ ಅಂಕಕ್ಕೂ ದೊಡ್ಡ ಅಂತರ ಬಂದರೆ ಅದನ್ನೇ ಒಂದು ಎಚ್ಚರಿಕೆಯೆಂದು ಓದಿ.

ಗುರಿಯನ್ನು 50ಕ್ಕೆ ಇಳಿಸುವ ಸಲಹೆ ನಿಷಿದ್ಧವಲ್ಲ. ಶೇ. 60 ಎಂಬುದು ನಿಯಮ ಎಂಬ ನಂಬಿಕೆ ಬಹಳ ಕಡೆ ಇದೆ, ಅದು ನಿಯಮವಲ್ಲ. ಗಣಿತದಂಥ ವಿಷಯದಲ್ಲಿ ಹಿಂದಿನ ಮೂರು ವರ್ಷಗಳ ಫಲಿತಾಂಶ ನೋಡಿ, ಸಮರ್ಥನೆ ಬರೆದು 50ನ್ನು ಗುರಿಯಾಗಿಟ್ಟುಕೊಂಡ ವಿಭಾಗಗಳಿವೆ, ಅದು ಸರಿಯಾದ ಕ್ರಮವೇ. ಪ್ರಶ್ನೆಯಿರುವುದು ಯಾವಾಗ ತೀರ್ಮಾನಿಸಿದಿರಿ ಎಂಬುದರಲ್ಲಿ. ಸೆಮಿಸ್ಟರ್ ಆರಂಭದ ಸಭೆಯ ನಡಾವಳಿಯಲ್ಲಿ 60 ಎಂದಿದ್ದು, ಅಂಕ ಬಂದ ಮೇಲೆ ಶೀಟ್‌ನಲ್ಲಿ 50 ಆದರೆ, ಕಲಿಕೆಯನ್ನು ಅಳೆದಂತಾಗುವುದಿಲ್ಲ, ಬೇಕಾದ ಉತ್ತರಕ್ಕೆ ತಕ್ಕಂತೆ ಅಳತೆಗೋಲನ್ನು ಮೊಟಕು ಮಾಡಿದಂತಾಗುತ್ತದೆ. ಅದೂ ಅಲ್ಲದೆ ನಿಮಗೆ ಅದರ ಅಗತ್ಯವೂ ಇಲ್ಲ. ಗುರಿ ಮುಟ್ಟದ ಸಿಒ ಇದ್ದರೆ ವಿಭಾಗ ಕ್ರಿಯಾಯೋಜನೆ ಹಾಕಿಕೊಳ್ಳಬೇಕು, ಮುಟ್ಟಿದರೆ ಮುಂದಿನ ವರ್ಷ ಗುರಿಯನ್ನು ಏರಿಸಿಕೊಳ್ಳಬೇಕು ಎಂಬುದು ನಮೂನೆಯ ಆಶಯ. ಎಲ್ಲ ಸಿಒಗಳಿಗೂ ಮೂರು ವರ್ಷವೂ ಲೆವೆಲ್ 3 ಇರುವ ಕಡತವನ್ನು ಕಂಡಾಗ ಅನುಭವಿ ಪರಿಶೀಲಕರು ಮೊದಲು ಕೇಳುವುದು ‘ಹಾಗಾದರೆ ಗುರಿಯನ್ನು ಏಕೆ ಏರಿಸಲಿಲ್ಲ’ ಎಂದು. ಎಚ್‌ಒಡಿ ಮೇಡಂ ಅವರಿಗೆ ಮುಂದಿನ ವರ್ಷದ ಗುರಿಯನ್ನು ಮುಂದಿನ ವರ್ಷದ ಮೊದಲ ಸಭೆಯಲ್ಲಿ, ಹಿಂದಿನ ಅಂಕಗಳನ್ನು ಮುಂದಿಟ್ಟುಕೊಂಡು ಚರ್ಚಿಸೋಣ ಎಂದು ಹೇಳಿ. ಗುರಿಯನ್ನು ಉತ್ತೀರ್ಣತೆಯ ಅಂಕಕ್ಕೇ ತಂದು ನಿಲ್ಲಿಸಬೇಡಿ. ಆಗ ಸಿಒ ಅಟೈನ್‌ಮೆಂಟ್ ಎಂಬುದು ಪಾಸಾದವರ ಶೇಕಡಾವಾರಿಗೆ ಇನ್ನೊಂದು ಹೆಸರಾಗುತ್ತದೆ.

ತರಗತಿಯ ಸರಾಸರಿಯನ್ನು ಗುರಿಯಾಗಿಡುವ ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ, ನಮೂನೆಯಲ್ಲಿ ಅದೊಂದು ಸಾಧ್ಯತೆಯಾಗಿ ಹೆಸರಿಸಲ್ಪಟ್ಟಿದ್ದರೂ. ಅಂಕಗಳು ಎರಡೂ ಬದಿಗೆ ಹೆಚ್ಚುಕಡಿಮೆ ಸಮವಾಗಿ ಹರಡಿದ್ದರೆ ಸುಮಾರು ಅರ್ಧ ಮಂದಿ ಸರಾಸರಿಗಿಂತ ಮೇಲಿರುತ್ತಾರೆ, ಅರ್ಧ ಮಂದಿ ಕೆಳಗಿರುತ್ತಾರೆ. ಶೇ. 60ರ ಮೊದಲ ಗಡಿಯನ್ನೂ ಆ ತರಗತಿ ಮುಟ್ಟುವುದಿಲ್ಲ, ಎಷ್ಟೇ ಚೆನ್ನಾಗಿ ಕಲಿಸಿದರೂ. ಮುಂದಿನ ವರ್ಷ ಎಲ್ಲರ ಅಂಕವೂ ಎರಡೆರಡು ಹೆಚ್ಚಿದರೆ ಸರಾಸರಿಯೂ ಎರಡು ಹೆಚ್ಚುತ್ತದೆ, ಶೇಕಡಾವಾರು ಇದ್ದಲ್ಲೇ ಇರುತ್ತದೆ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ 8 ಬಂದು ಒಬ್ಬನಿಗೆ ಸೊನ್ನೆ ಬಂದರೆ ಸರಾಸರಿ 7.2, ಶೇ. 90 ಮಂದಿ ಅದಕ್ಕಿಂತ ಮೇಲೆ, ಲೆವೆಲ್ 3. ಆ ಒಬ್ಬನೂ ಕಲಿತು ಹತ್ತು ಮಂದಿಗೂ 8 ಬಂದರೆ ಸರಾಸರಿಗಿಂತ ಹೆಚ್ಚು ಪಡೆದವರು ಯಾರೂ ಇಲ್ಲ, ಲೆವೆಲ್ ಸೊನ್ನೆ. ಹಿಂದುಳಿದವನು ಮೇಲೆ ಬಂದಾಗ ಕುಸಿಯುವ ಅಳತೆಯನ್ನು ಯಾವ ಶಿಕ್ಷಕರೂ ಇಟ್ಟುಕೊಳ್ಳಬಾರದು. ವಿಶ್ವವಿದ್ಯಾಲಯದ ಸರಾಸರಿಯ ವಿಷಯ ಬೇರೆ. ಅದು ನಿಮ್ಮ ತರಗತಿಯ ಹೊರಗಿನ ಸಂಖ್ಯೆ. ಅದಕ್ಕಿಂತ ಮೇಲೆ ನಿಮ್ಮವರಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದಕ್ಕೆ ಅರ್ಥವಿದೆ. ಆ ಸರಾಸರಿ ಸಿಗದಿದ್ದಾಗ ವಿಭಾಗವೇ ಸಮರ್ಥನೆಯೊಂದಿಗೆ ಗುರಿಯನ್ನು ಆಯ್ದುಕೊಳ್ಳಬಹುದು.

ಕೊನೆಯದಾಗಿ ವಿಶ್ವವಿದ್ಯಾಲಯದ ಪರೀಕ್ಷೆ. ಸಂಲಗ್ನ ಕಾಲೇಜಿಗೆ ಪ್ರಶ್ನೆವಾರು ಅಂಕ ಸಿಗದಿರುವುದರಿಂದ ಒಂದೇ ಲೆವೆಲನ್ನು ಎಲ್ಲ ಸಿಒಗಳಿಗೂ ಹಾಕುವುದು ಒಪ್ಪಿತ ಪದ್ಧತಿ, ನೀವು ಮಾಡುತ್ತಿರುವುದು ತಪ್ಪಲ್ಲ. ಕೆಲವು ಕಡೆ ಪ್ರಶ್ನೆಪತ್ರಿಕೆಯಲ್ಲಿರುವ ಸಿಒ ಗುರುತುಗಳನ್ನು ನೋಡಿ, ವಿದ್ಯಾರ್ಥಿಯ ಒಟ್ಟು ಅಂಕವನ್ನು ಸಿಒಗಳಿಗೆ ಅನುಪಾತದಲ್ಲಿ ಹಂಚುತ್ತಾರೆ. ಅದನ್ನು ಮಾಡಬೇಡಿ. ಹತ್ತು ಪ್ರಶ್ನೆಗಳಲ್ಲಿ ಮಾಡ್ಯೂಲ್‌ಗೆ ಒಂದರಂತೆ ಐದನ್ನು ಬರೆದ ವಿದ್ಯಾರ್ಥಿ ಯಾವುದರಲ್ಲಿ ಗೆದ್ದ, ಯಾವುದರಲ್ಲಿ ಸೋತ ಎಂಬುದು ಒಟ್ಟು ಅಂಕದಲ್ಲಿ ಇಲ್ಲ; ಹಂಚಿದರೆ ಶೀಟ್‌ನಲ್ಲಿ ವಿವರ ಇರುವಂತೆ ಕಾಣುತ್ತದೆ, ಆದರೆ ಯಾವ ಹೊಸ ಮಾಹಿತಿಯೂ ಅದರಲ್ಲಿರುವುದಿಲ್ಲ. ಸ್ವಾಯತ್ತ ಕಾಲೇಜುಗಳ ಪರಿಸ್ಥಿತಿ ಬೇರೆ. ಉತ್ತರಪತ್ರಿಕೆ ಅವರ ಕೈಯಲ್ಲೇ ಇರುವುದರಿಂದ ಅವರು ಪ್ರಶ್ನೆವಾರು ಅಂಕವನ್ನೇ ಬಳಸಬೇಕು.

ನೀವು ಯೋಚಿಸಬೇಕಾದದ್ದು ತೂಕದ ಬಗ್ಗೆ. ನಿಮ್ಮ ಶೀಟ್‌ನಲ್ಲಿ ವಿಶ್ವವಿದ್ಯಾಲಯದ ಪರೀಕ್ಷೆಗೆ ಶೇ. 80, ಆಂತರಿಕಕ್ಕೆ ಶೇ. 20 ಇದೆ, ಪರೀಕ್ಷೆಯ ಲೆವೆಲ್ 3 ಬಂದಿದೆ. ಆಗ ಲೆಕ್ಕ ಹೀಗಾಗುತ್ತದೆ:

```
CO1: 0.8*3 + 0.2*3 = 3.0
CO3: 0.8*3 + 0.2*1 = 2.6
```

ಸಿಒ3 ಆಂತರಿಕದಲ್ಲಿ ಸೊನ್ನೆಯೇ ಆಗಿದ್ದರೂ 2.4 ಬರುತ್ತಿತ್ತು. ವಿಭಾಗದ ಕೋರ್ಸ್ ಗುರಿ 2.0 ಎಂದಿದ್ದರೆ, ಇಡೀ ತರಗತಿ ಒಂದು ಸಿಒದಲ್ಲಿ ಪೂರ್ತಿ ಎಡವಿದ್ದರೂ ಶೀಟ್ ಹಸಿರಾಗಿಯೇ ಇರುತ್ತದೆ. 80:20 ಕಡ್ಡಾಯ ಎಂಬುದು ಇನ್ನೊಂದು ತಪ್ಪು ನಂಬಿಕೆ; ನಮೂನೆಯಲ್ಲಿ ಅದು ಕೇವಲ ಉದಾಹರಣೆ, ಸಮರ್ಥನೆಯಿದ್ದರೆ ಬೇರೆ ತೂಕ ಇಡಬಹುದು. ವಿಟಿಯುವಿನ 2022ರ ಸ್ಕೀಮ್‌ನಲ್ಲಿ ಥಿಯರಿ ವಿಷಯಗಳಿಗೆ ಸಿಐಇ 50, ಎಸ್‌ಇಇ 50 ಇರುವುದರಿಂದ 50:50ಕ್ಕೆ ಸಮರ್ಥನೆ ಸಿದ್ಧವಾಗಿಯೇ ಇದೆ. ಆಗ ಸಿಒ3 2.0ಕ್ಕೆ ಇಳಿಯುತ್ತದೆ, ಸಿಒ1 3.0ರಲ್ಲೇ ಉಳಿಯುತ್ತದೆ, ಎಲ್ಲಿ ಕೆಲಸ ಮಾಡಬೇಕೆಂಬುದು ಕಣ್ಣಿಗೆ ಕಾಣುತ್ತದೆ. ಇದರ ಅಪಾಯವೂ ಅಷ್ಟೇ ಸ್ಪಷ್ಟ: ಆಂತರಿಕ ಅಂಕವನ್ನು ಧಾರಾಳವಾಗಿ ಕೊಡುವ ವಿಭಾಗದಲ್ಲಿ ಇದರಿಂದ ಲೆವೆಲ್‌ಗಳು ಕೃತಕವಾಗಿ ಏರುತ್ತವೆ. ಟೆಸ್ಟ್‌ಗಳ ಮೌಲ್ಯಮಾಪನ ಬಿಗಿಯಾಗಿದ್ದರೆ ಮಾತ್ರ 50:50ಕ್ಕೆ ಹೋಗಿ. ತೂಕ ಏನೇ ಇರಲಿ, ಪರೀಕ್ಷೆಯ ಲೆವೆಲನ್ನೂ ಆಂತರಿಕದ ಲೆವೆಲನ್ನೂ ಬೇರೆ ಬೇರೆ ಕಾಲಂಗಳಲ್ಲಿ ತೋರಿಸಿ, ಕ್ರಿಯಾಯೋಜನೆಯನ್ನು ಆಂತರಿಕದ ಕಾಲಂ ನೋಡಿ ಬರೆಯಿರಿ. ಸಿಒ ಸಿಒಗಳ ನಡುವಿನ ವ್ಯತ್ಯಾಸ ನಿಮಗೆ ಸಿಗುವುದು ಅಲ್ಲಿ ಮಾತ್ರ.

ಹಾಗಾದರೆ ಈ ವರ್ಷದ ಶೀಟ್‌ನಲ್ಲಿ ಸಿಒ3ರ ಆಂತರಿಕ ಲೆವೆಲ್ 1 ಎಂದೇ ಇರಲಿ. ಪಕ್ಕದಲ್ಲಿ 39/56 ಎಂದು ಬರೆಯಿರಿ, 16 ಮಂದಿಯನ್ನು 5 ಅಂಕದ ಪ್ರಶ್ನೆಯಿಂದ ಮಾತ್ರ ಅಳೆಯಲಾಗಿದೆ ಎಂದು ಷರಾ ಹಾಕಿ. ಸೆಮಿಸ್ಟರ್ ಇನ್ನೂ ಮುಗಿದಿಲ್ಲವಾದರೆ ಸಿಒ3ರ ಮೇಲೆ 10 ಅಂಕದ, ಆಯ್ಕೆಯಿಲ್ಲದ ಒಂದು ಕಿರುಪರೀಕ್ಷೆಯನ್ನು ಎಲ್ಲರಿಗೂ ಕೊಡುವುದು ಇನ್ನೂ ಒಳ್ಳೆಯದು. ಗೈರಾದ ನಾಲ್ವರೂ ಅದರಲ್ಲಿ ಲೆಕ್ಕಕ್ಕೆ ಬರುತ್ತಾರೆ. ಅದರ ಫಲಿತಾಂಶ ಲೆವೆಲನ್ನು ಕೆಳಗಿಳಿಸಿದರೂ ಅದನ್ನೇ ದಾಖಲಿಸಬೇಕು ಎಂಬ ನಿಶ್ಚಯದೊಂದಿಗೆ ಮಾತ್ರ ಅದನ್ನು ನಡೆಸಿ.

ಕ್ರಿಯಾಯೋಜನೆಯ ಕಾಲಂನಲ್ಲಿ ‘ಹೆಚ್ಚುವರಿ ತರಗತಿ ನಡೆಸಲಾಗುವುದು’ ಎಂದಷ್ಟೇ ಬರೆದು ಬಿಡಬೇಡಿ. ಗುರಿ ಮುಟ್ಟದ 17 ಮಂದಿಯ ಬ್ಲೂಬುಕ್‌ಗಳು ನಿಮ್ಮ ಬಳಿಯೇ ಇವೆ. ಅವನ್ನು ಒಂದು ಮಧ್ಯಾಹ್ನ ಕುಳಿತು ಓದಿ, ಪ್ರತಿಯೊಬ್ಬರೂ ಅಂಕ ಕಳೆದುಕೊಂಡ ಜಾಗವನ್ನು ಗುರುತು ಮಾಡಿ. ಬೈನರಿ ಸರ್ಚ್ ಟ್ರೀಯಿಂದ ನೋಡ್ ಅಳಿಸುವ ಪ್ರಶ್ನೆಯಲ್ಲಿ ಎಲೆಯ ನೋಡ್ ಅಳಿಸುವುದನ್ನೂ ಒಂದೇ ಮಗುವಿರುವ ನೋಡ್ ಅಳಿಸುವುದನ್ನೂ ಬಹುತೇಕರು ಸರಿಯಾಗಿ ಬರೆಯುತ್ತಾರೆ. ಎರಡು ಮಕ್ಕಳಿರುವ ನೋಡ್ ಬಂದಾಗ, ಅದರ ಜಾಗಕ್ಕೆ ಬಲ ಉಪಮರದ ಅತಿ ಚಿಕ್ಕ ಬೆಲೆಯನ್ನು ತಂದ ಮೇಲೆ, ಆ ಚಿಕ್ಕ ಬೆಲೆಯ ಹಳೆಯ ನೋಡನ್ನೂ ಅಳಿಸಬೇಕು ಎಂಬ ಹೆಜ್ಜೆ ತಪ್ಪಿಹೋಗುತ್ತದೆ. ನಿಮ್ಮ 17 ಬ್ಲೂಬುಕ್‌ಗಳಲ್ಲೂ ಅದೇ ಕಂಡರೆ ಕಾಲಂನಲ್ಲಿ ಅದನ್ನೇ ಬರೆಯಿರಿ: ಎರಡು ಮಕ್ಕಳ ನೋಡ್ ಅಳಿಸುವುದನ್ನು ಲ್ಯಾಬ್‌ನಲ್ಲಿ ಪಾಯಿಂಟರ್ ಚಿತ್ರಗಳೊಂದಿಗೆ ಮತ್ತೆ ಮಾಡಿಸಲಾಗುವುದು, ಮುಂದಿನ ಬ್ಯಾಚ್‌ನ ಮೊದಲ ಟೆಸ್ಟ್‌ನಲ್ಲಿ ಅದೇ ಹೆಜ್ಜೆಯ ಮೇಲೆ ಕಡ್ಡಾಯ ಪ್ರಶ್ನೆ ಇರುವುದು, ಅದರಲ್ಲಿ ಗುರಿ ಮುಟ್ಟಿದವರ ಸಂಖ್ಯೆಯನ್ನು ಈ ವರ್ಷದ 39/56ರ ಪಕ್ಕದಲ್ಲಿ ದಾಖಲಿಸಲಾಗುವುದು.